ಹಾಳೆಯ ಮೇಲಿನ ಹನ್ನೆರಡು ತಾಸು

ಯಂಕಂಚಿಯ ಬೀರಣ್ಣನಿಗೆ ನಿದ್ದೆ ಬಿಡುವುದು ಒಂದು ದೊಡ್ಡಸ್ತಿಕೆಯಾಗಿತ್ತು. ಕೆಲವರು ಊಟದಲ್ಲಿ ಪಂದ್ಯ ಕಟ್ಟುತ್ತಾರೆ, ಕೆಲವರು ಗುಂಡು ಎತ್ತುತ್ತಾರೆ, ಇವನು ನಿದ್ದೆ ಬಿಡುತ್ತಿದ್ದ. ಎರಡು ರಾತ್ರಿ ಕಣ್ಣು ಮುಚ್ಚದೆ ಮೂರನೆಯ ದಿನ ಬಿಳಿ ಅಂಗಿ ತೊಟ್ಟು ಸಿಂದಗಿ ಸಂತೆಗೆ ಹೋಗಿಬಂದವನು ಅವನು. ಅವನ ತಾಯಿ ಸಾತವ್ವ ಬೀಗರ ಮುಂದೆ ಇದನ್ನೇ ಹೇಳಿ ಹಿಗ್ಗುತ್ತಿದ್ದಳು: "ನನ್ನ ಮಗಾ ಗೂಗಿ ಇದ್ದಂಗ ನೋಡ್ರಿ. ರಾತ್ರಿ ಎಲ್ಲಾ ಕಣ್ಣ ಹಂಗ ಪಿಳಿಪಿಳಿ."

ಕುರಿಗಾರರ ಮನೆತನ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಕುರಿ ಹೊಡೆದುಕೊಂಡು ಇಂಡಿ, ಚಡಚಣ ದಾಟಿ ಸೋಲಾಪುರದ ಕಡೆ ನಡೆಯುವುದು ಅವರ ರೂಢಿ. ರಾತ್ರಿ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದರೆ ಒಬ್ಬ ಎಚ್ಚರ ಇರಬೇಕು. ತೋಳ ಬರಬಹುದು, ಕಳ್ಳ ಬರಬಹುದು. ಅಂಥ ಕಾವಲಿನಲ್ಲಿ ಕುರಿಗಾರರಿಗೆ ಒಂದು ವಿದ್ಯೆ ಇದೆ. ಬಡಿಗೆಯನ್ನು ನೆಲಕ್ಕೆ ಊರಿ, ಅದರ ತುದಿಯ ಮೇಲೆ ಎರಡೂ ಕೈ ಇಟ್ಟು, ಕೈಮೇಲೆ ಗದ್ದ ಇಟ್ಟು, ನಿಂತಲ್ಲೇ ಒಂದು ಜೋಂಪು ಹೊಡೆಯುವುದು. ಕಣ್ಣು ಮುಚ್ಚಿರುತ್ತದೆ, ಕಿವಿ ಕುರಿಯ ಕೊರಳಿನ ಗಂಟೆಯ ಮೇಲೆ ಇರುತ್ತದೆ. ಹಿಂಡು ಬೆದರಿತೋ, ಗಂಟೆಯ ಸದ್ದು ಬದಲಾಯಿತೋ, ಕಣ್ಣು ತಾನೇ ಬಿಚ್ಚಿಕೊಳ್ಳುತ್ತದೆ. ಬೀರಣ್ಣ ಹನ್ನೆರಡನೆಯ ವರ್ಷಕ್ಕೇ ಈ ವಿದ್ಯೆಯಲ್ಲಿ ಪಾರಂಗತ.

ಅಂಥವನು ಹಡಗಿಗೆ ಹೋದದ್ದು ಇಂಡಿಯ ಜುಲ್ಫಿಕರನಿಂದ. ಜುಲ್ಫಿಕರನ ತಂದೆ ಫಕೀರಸಾಬ ಕುರಿ ವ್ಯಾಪಾರಿ, ಬೀರಣ್ಣನ ಮನೆಗೆ ಹಳೆಯ ಸಂಬಂಧ. ಜುಲ್ಫಿಕರ ಆಗಲೇ ಹತ್ತು ವರ್ಷ ಸಮುದ್ರ ಕಂಡಿದ್ದ. ಬೀರಣ್ಣ ಹತ್ತನೆಯ ತರಗತಿ ಪಾಸಾದದ್ದೇ ತಡ, "ನಿನ್ನ ಈ ಗೂಗಿ ಕಣ್ಣಿಗಿ ನೆಲದ ಮ್ಯಾಲೆ ಕೆಲಸಿಲ್ಲ, ನೀರಿನ ಮ್ಯಾಲೆ ಐತಿ ನಡಿ" ಎಂದು ತರಬೇತಿಗೆ ಎಳೆದುಕೊಂಡು ಹೋದ. ಸಮುದ್ರವನ್ನು ಫೋಟೋದಲ್ಲಿ ಮಾತ್ರ ಕಂಡವನು ಆರು ತಿಂಗಳು ಕಲಿತ, ಕೆಳಗಿನ ಖಲಾಸಿಯಾಗಿ ಹತ್ತಿದ, ಮುಂದೆ ಪರೀಕ್ಷೆ ಕೊಟ್ಟು ನುರಿತ ಖಲಾಸಿಯಾದ. ಚುಕ್ಕಾಣಿ ಹಿಡಿಯುವುದು, ಮುಂದೆ ಏನಿದೆ ಎಂದು ಕಣ್ಣಿಟ್ಟು ನೋಡುವುದು, ಬಂದರಿನಲ್ಲಿ ಹಗ್ಗ ಕಟ್ಟುವುದು, ಬಿಚ್ಚುವುದು, ಇವೇ ಅವನ ಕೆಲಸ. ಹದಿನೆಂಟು ವರ್ಷ ಹೀಗೇ ನಡೆಯಿತು. ಮದುವೆಯಾಯಿತು. ಹೆಂಡತಿ ಸುವರ್ಣಾ ಊರಲ್ಲೇ ಅಂಗನವಾಡಿ ನೋಡಿಕೊಳ್ಳುತ್ತಾಳೆ.

ನಾನು ಹೇಳಹೊರಟಿದ್ದು ಅವನು ‘ನೀಲಗಂಗಾ’ ಹಡಗಿನಲ್ಲಿ ಇದ್ದಾಗಿನ ಮಾತು.

ನೀಲಗಂಗಾ ದೊಡ್ಡ ಹಡಗಲ್ಲ. ಗುಜರಾತಿನ ಬಂದರಿನಿಂದ ಸಿಮೆಂಟಿನ ಕಚ್ಚಾ ಗಟ್ಟಿ ತುಂಬಿಕೊಂಡು ಮಂಗಳೂರಿನ ಕಡೆ ಇಳಿಯುವುದು, ಇಳಿಸಿ ಮತ್ತೆ ಏರುವುದು. ಮೂರು ದಿನ ನೀರು, ಎರಡು ದಿನ ಬಂದರು. ಕ್ಯಾಪ್ಟನ್ ಮಹಾರಾಷ್ಟ್ರದ ರತ್ನಾಗಿರಿ ಊರಿನವರು, ಐವತ್ತು ದಾಟಿದ ಮನುಷ್ಯ. ಅವರ ಕೈಕೆಳಗೆ ಪಾಳಿ ಕಾಯಲು ಅಧಿಕಾರಿಗಳು ಇಬ್ಬರೇ: ಚೀಫ್ ಮತ್ತು ಸೆಕೆಂಡ್. ಜುಲ್ಫಿಕರ ಬೋಸನ್, ಅಂದರೆ ಖಲಾಸಿಗಳ ಮುಕಾದಮ. ಅವನ ಕೆಳಗೆ ನುರಿತ ಖಲಾಸಿಗಳು ಮೂವರು. ಮೂವರಿದ್ದಾಗ ನಾಲ್ಕು ತಾಸು ಪಾಳಿ, ಎಂಟು ತಾಸು ಬಿಡುವು. ಮನುಷ್ಯ ಮನುಷ್ಯನಂತೆ ಇರಬಹುದು.

ಆ ಮೂವರಲ್ಲಿ ಒಬ್ಬನಿಗೆ ಹೊಟ್ಟೆನೋವು ಎದ್ದು ಅಪೆಂಡಿಕ್ಸ್ ಆಯಿತು, ಬಂದರಿನಲ್ಲೇ ಇಳಿಸಿ ಆಸ್ಪತ್ರೆಗೆ ಕಳಿಸಿದರು. ಬದಲಿ ಮುಂದಿನ ಬಂದರಿಗೆ ಬರುತ್ತಾನೆ ಅಂತ ಆಫೀಸಿನವರು ಹೇಳಿದರು. ಮುಂದಿನ ಬಂದರು ಬಂತು, ಬದಲಿ ಬರಲಿಲ್ಲ. ಮತ್ತೆ ಮುಂದಿನ ಬಂದರು ಎಂದರು. ಉಳಿದವರು ಬೀರಣ್ಣ ಮತ್ತು ಫಿರೋಜ. ಆರು ತಾಸು ಪಾಳಿ, ಆರು ತಾಸು ಬಿಡುವು ಶುರುವಾಯಿತು. ಬೀರಣ್ಣನದು ನಡುರಾತ್ರಿ ಹನ್ನೆರಡರಿಂದ ಮುಂಜಾನೆ ಆರು, ಮತ್ತೆ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರು.

ಲೆಕ್ಕಕ್ಕೆ ಇದು ಚೆನ್ನಾಗೇ ಕಾಣುತ್ತದೆ. ಹನ್ನೆರಡು ತಾಸು ಕೆಲಸ, ಹನ್ನೆರಡು ತಾಸು ವಿಶ್ರಾಂತಿ. ಆದರೆ ಆ ಬಿಡುವಿನ ಆರು ತಾಸಿನಲ್ಲೇ ಉಣ್ಣಬೇಕು, ಮೈ ತೊಳೆಯಬೇಕು, ಮನೆಗೆ ಒಂದು ಮಾತು ಆಡಬೇಕು. ಅಷ್ಟರಲ್ಲಿ ಬಂದರು ಬಂತು ಎಂದರೆ ಹಗ್ಗಕ್ಕೆ ಎಲ್ಲರೂ ಬೇಕು. ಬಂದರು ಬಿಟ್ಟರೂ ಬೇಕು. ಹಡಗಿನ ಹೊಟ್ಟೆಯ ಮುಚ್ಚಳ ಹಾಕಲು ಬೇಕು, ಡೆಕ್ಕಿನ ಮೇಲೆ ಬಿದ್ದ ಧೂಳು ತೊಳೆಯಲು ಬೇಕು. ಯಾರ ಬಿಡುವು ಎಂದು ಹಗ್ಗ ಕೇಳುತ್ತದೆಯೇ?

ಸುವರ್ಣಾ ಫೋನಿನಲ್ಲಿ ಕೇಳುತ್ತಿದ್ದಳು. "ದನಿ ಯಾಕ ಹಿಂಗಾಗೇತ್ರಿ? ಮಕ್ಕೊಂಡಿರೋ ಇಲ್ಲೋ?"

"ಮಕ್ಕೊಂಡೇನಿ ಮಕ್ಕೊಂಡೇನಿ. ನಿನಗ ಗೊತ್ತಿಲ್ಲೇನು, ನನಗ ಎರಡ ತಾಸ ಸಾಕ."

"ಹಿಂದಕ ಹೊಲದಾಗ ಸಾಕಿತ್ರಿ. ಈಗ ನಲವತ್ತರ ಹತ್ರ ಬಂದೀರಿ."

"ಮೂವತ್ತೈದು! ಯಾಕ ವಯಸ್ಸ ಏರಿಸ್ತಿ?"

ಇಷ್ಟು ಹೇಳಿ ನಕ್ಕು ಫೋನ್ ಇಡುತ್ತಿದ್ದ.

ಹಡಗಿನಲ್ಲಿ ಪ್ರತಿಯೊಬ್ಬನ ಹೆಸರಿಗೂ ತಿಂಗಳಿಗೊಂದು ವಿಶ್ರಾಂತಿ ಹಾಳೆ ಇರುತ್ತದೆ. ದಿನಕ್ಕೆ ಇಪ್ಪತ್ತನಾಲ್ಕು ಮನೆ. ಯಾವ ತಾಸು ಕೆಲಸ, ಯಾವ ತಾಸು ವಿಶ್ರಾಂತಿ ಎಂದು ತುಂಬಿ ತಾನೂ ಸಹಿ ಮಾಡಬೇಕು, ಮೇಲಿನವರೂ ಮಾಡಬೇಕು. ಇದು ಕಾನೂನು. ಆದರೆ ನೀಲಗಂಗಾದಲ್ಲಿ ಚೀಫ್ ಸಾಹೇಬ ಅದನ್ನು ಕಂಪ್ಯೂಟರಿನಲ್ಲಿ ಮೊದಲೇ ತುಂಬಿಟ್ಟು ಕೊಡುತ್ತಿದ್ದ. ಹನ್ನೆರಡು ಕೆಲಸ, ಹನ್ನೆರಡು ವಿಶ್ರಾಂತಿ, ಎಲ್ಲಾ ದಿನವೂ ಒಂದೇ ಅಚ್ಚಿನ ಇಟ್ಟಿಗೆ. ಹಗ್ಗವೂ ಇಲ್ಲ, ತೊಳೆಯುವುದೂ ಇಲ್ಲ. ಫಿರೋಜ ಒಮ್ಮೆ ಗೊಣಗಿದ. ಬೀರಣ್ಣ ಅವನಿಂದ ಪೆನ್ನು ಕಸಿದುಕೊಂಡು ತನ್ನ ಹಾಳೆಗೆ ಗೀಚಿದ. "ನಿದ್ದಿ ಲೆಕ್ಕ ಹಾಕಾವ ಗಂಡಸೇನಲೇ?" ಎಂದ. ಅದು ಸೊಕ್ಕಿನ ಮಾತು. ಆ ಸೊಕ್ಕೇ ಅವನನ್ನು ಆ ಮುಂಜಾನೆಗೆ ತಂದು ನಿಲ್ಲಿಸಿದ್ದು.

ಅದಕ್ಕೆ ಎರಡು ದಿನ ಮುಂಚೆ ಗುಜರಾತಿನ ಬಂದರಿನಲ್ಲಿ ಅವನು ನಡುರಾತ್ರಿಯಿಂದ ಮುಂಜಾನೆ ಆರರವರೆಗೆ ಹಡಗು ಹತ್ತುವ ಏಣಿಯ ಬಾಯಲ್ಲಿ ನಿಂತು ಮಾಲು ತುಂಬುವುದನ್ನು ಕಾದಿದ್ದ. ಒಂದು ತಾಸು ಮಲಗಿರಬೇಕು, ಏಳಕ್ಕೆ ಎಬ್ಬಿಸಿದರು. ಹಡಗನ್ನು ಹಿಂದಕ್ಕೆ ಸರಿಸಬೇಕು, ಹಗ್ಗ ಬದಲಿಸಬೇಕು. ಹತ್ತಕ್ಕೆ ಅವನನ್ನು ಬಿಟ್ಟರು. ಹನ್ನೆರಡಕ್ಕೆ ಮತ್ತೆ ಪಾಳಿ, ಅದರಲ್ಲೇ ಬಂದರು ಬಿಟ್ಟದ್ದು. ಸಂಜೆ ಆರಕ್ಕೆ ಮುಗಿಯಿತು. ಉಂಡ. ಏಳರಿಂದ ಹತ್ತರವರೆಗೆ ಡೆಕ್ಕು ತೊಳೆದ. ಹತ್ತಕ್ಕೆ ಮೈಮೇಲಿನ ಧೂಳೂ ಸರಿಯಾಗಿ ಹೋಗದೆ ಹಾಸಿಗೆಗೆ ಬಿದ್ದ, ಹನ್ನೆರಡಕ್ಕೆ ಎದ್ದ. ದಿನವಿಡೀ ಬಿಡುವು ಎಂದರೆ ಆರು ತಾಸು, ಅದೂ ನಾಲ್ಕು ಚೂರು. ಇಂಥ ದಿನಗಳು ಅದಕ್ಕೂ ಮುಂಚೆ ಎರಡು ವಾರದಿಂದ ನಡೆದಿದ್ದವು. ಹಾಗಂತ ಪಾಳಿ ತಪ್ಪಿಸುತ್ತಾನೆಯೇ? ಮೊದಲ ರಾತ್ರಿ ಹೇಗೋ ದಾಟಿತು. ಮರುದಿನವೂ ತೊಳೆಯುವ ಕೆಲಸ ಮುಗಿದಿರಲಿಲ್ಲ, ಎರಡೂ ಬಿಡುವನ್ನು ಅದೇ ತಿಂದಿತು. ಎರಡನೆಯ ರಾತ್ರಿ ಹಡಗು ರತ್ನಾಗಿರಿಯ ಹೊರಗಿನ ನೀರಿಗೆ ಬಂದಾಗ ಅವನು ಬ್ರಿಜ್ಜಿನಲ್ಲಿದ್ದ. ಹಡಗು ನಡೆಸುವ ಮೇಲಿನ ಗಾಜಿನ ಕೋಣೆಗೆ ಹಾಗೆನ್ನುತ್ತಾರೆ.

ಮುಂಜಾನೆ ಐದು ದಾಟಿತ್ತು. ಗಾಳಿ ಇಲ್ಲ. ಹಡಗು ತಾನೇ ದಿಕ್ಕು ಹಿಡಿದು ಹೋಗುತ್ತಿತ್ತು. ಸೆಕೆಂಡ್ ಸಾಹೇಬ, ಅವನೂ ಬೀರಣ್ಣನಷ್ಟೇ ದಣಿದವನು, ರೇಡಾರಿನ ಮುಂದಿನ ಕುರ್ಚಿಯಲ್ಲಿ ಕುಳಿತ. ಬೀರಣ್ಣ ಮುಂದಿನ ಗಾಜಿಗೆ ಹೋಗಿ ಅಲ್ಲಿನ ಕಂಬಿಯ ಕಟಾಂಜನ ಹಿಡಿದ. ಎರಡೂ ಕೈ ಒಂದರ ಮೇಲೊಂದು ಇಟ್ಟ. ಕೈಮೇಲೆ ಗದ್ದ ಇಟ್ಟ. ಒಂದೇ ಒಂದು ಜೋಂಪು, ಎಂದುಕೊಂಡ. ಏನಾದರೂ ಆದರೆ ಕಿವಿ ಎಬ್ಬಿಸುತ್ತದೆ.

ಸಮುದ್ರಕ್ಕೆ ಗಂಟೆ ಕಟ್ಟಿದವರು ಯಾರು? ಇಂಜಿನ್ನಿನ ಸದ್ದು ಒಂದೇ ಸಮ, ನೀರಿನ ಸದ್ದು ಒಂದೇ ಸಮ. ಕಿವಿಗೆ ಎದ್ದೇಳು ಎನ್ನುವ ಯಾವುದೂ ಅಲ್ಲಿರಲಿಲ್ಲ. ಹೊಲದಲ್ಲಿ ಕಾದ ಹುಡುಗನಿಗೆ ಹಗಲೆಲ್ಲಾ ಮರದ ಕೆಳಗೆ ನಿದ್ದೆ ಇತ್ತು, ಈ ಗಂಡಸಿಗೆ ಅದೂ ಇರಲಿಲ್ಲ. ಬೀರಣ್ಣ ನಿಂತಲ್ಲೇ ಹೆಣದಂತೆ ನಿದ್ದೆ ಹೋದ.

ಬ್ರಿಜ್ಜಿನಲ್ಲಿ ಒಂದು ಯಂತ್ರ ಇರುತ್ತದೆ. ಹನ್ನೆರಡು ನಿಮಿಷಕ್ಕೊಮ್ಮೆ ಅದರ ಗುಂಡಿ ಒತ್ತಬೇಕು, ನಾನು ಎಚ್ಚರ ಇದ್ದೇನೆ ಎಂದು ಹೇಳಿದ ಹಾಗೆ. ಒತ್ತದಿದ್ದರೆ ಮೊದಲು ದೀಪ ಮಿಣುಕುತ್ತದೆ. ಹದಿನೈದು ಸೆಕೆಂಡು ನೋಡಿ ಅಲ್ಲಿಯೇ ಪೀಂ ಎನ್ನುತ್ತದೆ. ಅದಕ್ಕೂ ಯಾರೂ ಏಳದಿದ್ದರೆ ಇನ್ನು ಹದಿನೈದು ಸೆಕೆಂಡಿಗೆ ಕ್ಯಾಪ್ಟನ್ನರ ಕೋಣೆಯಲ್ಲಿ ಕಿರುಚುತ್ತದೆ. ಆ ಮುಂಜಾನೆ ದೀಪ ಮಿಣುಕಿತು, ಇಬ್ಬರೂ ಏಳಲಿಲ್ಲ. ಪೀಂ ಎಂದಿತು, ಇಬ್ಬರೂ ಏಳಲಿಲ್ಲ.

ಬೀರಣ್ಣನಿಗೆ ಎಚ್ಚರವಾದದ್ದು ಕ್ಯಾಪ್ಟನ್ನರ ಭುಜ ಬಡಿದು. ಲುಂಗಿ ಉಟ್ಟು ಬರಿಗಾಲಲ್ಲಿ ಓಡಿಬಂದಿದ್ದ ಅವರು ಇವನನ್ನು ಪಕ್ಕಕ್ಕೆ ನೂಕಿ, ಚುಕ್ಕಾಣಿಯನ್ನು ಕೈಗೆ ತೆಗೆದುಕೊಂಡು, ಪೂರಾ ಬಲಕ್ಕೆ ತಿರುಗಿಸಿದರು. ಗಾಜಿನಾಚೆ ಬೆಳಕು ಆಗಷ್ಟೇ ಹರಿಯುತ್ತಿತ್ತು. ಮೂಗಿನ ನೇರಕ್ಕೆ ಒಂದು ಮೀನಿನ ದೋಣಿ. ಹಡಗಿನ ಮೂತಿ ತಿರುಗಲು ಹೊತ್ತು ಹಿಡಿಯುತ್ತದೆ, ಎತ್ತಿನ ಗಾಡಿಯಲ್ಲ ಅದು. ಆ ಹೊತ್ತಿನಲ್ಲಿ ಬೀರಣ್ಣ ಎಲ್ಲವನ್ನೂ ಕಂಡ. ಬಲೆ ಎಳೆದು ಮುಗಿಸಿದ ಐದು ಜನ. ಒಬ್ಬ ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚಹಾ ಸೋಸುತ್ತಿದ್ದ. ಅವನು ತಲೆ ಎತ್ತಿದ. ಎದ್ದುನಿಂತ. ಅವನ ಕೈಯ ಕೆಟಲಿ ಕೆಳಗೆ ಬಿತ್ತು.

ದೋಣಿ ಎಡಪಕ್ಕೆಯಲ್ಲಿ ಸರಿದುಹೋಯಿತು. ಮೇಲಿಂದ ಕಲ್ಲು ಒಗೆದರೆ ತಾಗುವಷ್ಟು ಹತ್ತಿರ. ಹಡಗಿನ ಅಲೆಗೆ ಅದು ತೊಟ್ಟಿಲಂತೆ ಹೊಯ್ದಾಡಿತು, ಮುಳುಗಲಿಲ್ಲ. ಐದು ಜನರ ಬಾಯಿ ತೆರೆದು ಮುಚ್ಚುವುದು ಕಂಡಿತು, ಬೈಗುಳ ಮಾತ್ರ ಗಾಜಿನ ಒಳಗೆ ಬರಲಿಲ್ಲ.

ಕ್ಯಾಪ್ಟನ್ ಸಾಹೇಬರು ಒಂದು ಮಾತೂ ಬೈಯಲಿಲ್ಲ. ದೋಣಿ ಸುರಕ್ಷಿತ ಇರುವುದನ್ನು ದುರ್ಬೀನಿನಲ್ಲಿ ಎರಡು ಸಲ ನೋಡಿದರು, ವೈರ್‌ಲೆಸ್ಸಿನಲ್ಲಿ ಮರಾಠಿಯಲ್ಲಿ ಕರೆದು ಕೇಳಿದರು. ಆಮೇಲೆ ಸೆಕೆಂಡ್ ಸಾಹೇಬನನ್ನೂ ಬೀರಣ್ಣನನ್ನೂ ನೋಡಿ, "ಹೋಗಿ, ಮಲಗಿ. ಮಾತು ಆಮೇಲೆ" ಎಂದರು. ಬೀರಣ್ಣನಿಗೆ ಕುರಿ ಕಾಯುವಾಗ ಕಲಿತ ಮರಾಠಿ ಚೆನ್ನಾಗಿ ಬರುತ್ತಿತ್ತು, ಅವರಿಬ್ಬರ ಮಾತೆಲ್ಲಾ ಅದರಲ್ಲೇ. "ಸಾಹೇಬ, ನಾನು..." ಎಂದ. "ಮಲಗು ಅಂದೆ" ಎಂದರು ಅವರು.

ಕೋಣೆಗೆ ಹೋಗಿ ಬೂಟು ಬಿಚ್ಚದೆ ಕುಳಿತ. ನಿದ್ದೆ ಬರುವುದಿಲ್ಲ, ಇನ್ನು ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಸಂಜೆ ನಾಲ್ಕು. ಇಂಜಿನ್ನಿನ ಸದ್ದೇ ಇರಲಿಲ್ಲ. ಗಾಬರಿಯಾಗಿ ಹೊರಗೆ ಬಂದರೆ ಹಡಗು ರತ್ನಾಗಿರಿಯ ಮುಂದೆ ಲಂಗರು ಹಾಕಿ ನಿಂತಿದೆ.

ಊಟದ ಕೋಣೆಯಲ್ಲಿ ಜುಲ್ಫಿಕರ ಒಬ್ಬನೇ ಕುಳಿತಿದ್ದ.

"ಎದ್ದೇನಪಾ ಕುಂಭಕರ್ಣ? ಹತ್ತ ತಾಸ ಆತು. ಮೂರ ಸಲ ಬಂದ ಮೂಗಿಗಿ ಕೈ ಹಚ್ಚಿ ನೋಡೇನಿ, ಉಸರೈತೋ ಇಲ್ಲೋ ಅಂತ."

"ಹಡಗ ಯಾಕ ನಿಂತೈತಿ, ಅಣ್ಣಾ?"

"ನಿಮ್ಮನ್ನ ಮಲಗಸಾಕ! ಹೂಂ, ಖರೇನ ಹೇಳಾಕತ್ತೇನಿ. ಸಾಹೇಬ್ರು ಲಂಗರ ಹಾಕಿಸ್ಯಾರ. ಆಫೀಸಿನಾಂವ ಫೋನ್ ಮಾಡಿದ, ನಾಳೆ ಮುಂಜಾನಿ ಬಂದರದಾಗ ನಮ್ಮ ಜಾಗಾ ಕೈ ತಪ್ಪಿ ಹೋಗ್ತೈತಿ, ಹೊಂಡ್ರಿ ಅಂತ. ಸಾಹೇಬ್ರು ಏನಂದ್ರ ಗೊತ್ತೇನ? ‘ನನ್ನ ಜನ ನಿದ್ದಿ ಮುಗಿಸೂತನಕ ಹಡಗ ಹಂದೂದಿಲ್ಲ. ನಿಮಗ ಅರ್ಜೆಂಟ್ ಇದ್ರ ನೀವ ಬಂದ ಚುಕ್ಕಾಣಿ ಹಿಡೀರಿ.’ ಫೋನ್ ಇಟ್ಟ ಬಿಟ್ರು. ಮುಂಜಾನಿಂದ ಲಂಗರ ಕಾಯಾಕ ಅವರೂ ನಾನೂ ಪಾಳಿ ಮ್ಯಾಲ ನಿಂತೇವಿ."

ಬೀರಣ್ಣ ಚಹಾ ಹಿಡಿದು ಕುಳಿತ, ಕುಡಿಯಲಿಲ್ಲ. ಜುಲ್ಫಿಕರ ಮುಂದಕ್ಕೆ ಬಾಗಿದ, ದನಿ ತಗ್ಗಿಸಿದ.

"ಈಗ ಕೇಳ ಇಲ್ಲೆ. ಐದೂವರಿಗೆ ವಿಚಾರಣಿ ಐತಿ. ಚೀಫ್ ಆಗಲೇ ನನಗ ಹೇಳಿ ಕಳಸ್ಯಾನ. ನಿನ್ನ ಹಾಳಿ ಮ್ಯಾಲ ಹನ್ನೆರಡ ತಾಸ ವಿಶ್ರಾಂತಿ ಐತಿ, ನಿನ್ನ ಸಹಿ ಐತಿ. ಅಷ್ಟ ಹೇಳ. ದೋಣಿ ದೀಪಾ ಹಚ್ಚಿರಲಿಲ್ಲ, ಕಾಣಲಿಲ್ಲ ಅನ್ನು. ಮುಗೀತು."

"ದೀಪ ಇತ್ತಣ್ಣಾ."

"ನಿನಗ್ಯಾಂಗ ಗೊತ್ತು? ನೀ ಮಕ್ಕೊಂಡಿದ್ದಿ!"

"ಎದ್ದ ಮ್ಯಾಲ ಕಂಡೇನಿ. ಕಂಬದ ಮ್ಯಾಲ ಉರೀತಿತ್ತು."

ಜುಲ್ಫಿಕರ ಹಣೆ ಬಡಿದುಕೊಂಡ. "ಲೇ ಬೀರ್ಯಾ, ಖರೇ ಹೇಳಿದ್ರ ಸುಳ್ಳ ಸಹಿ ಮಾಡಿದಾಂವ ನೀ ಆಗ್ತಿ. ಪಾಳಿಯಾಗ ಮಕ್ಕೊಂಡಾಂವ ನೀ ಆಗ್ತಿ. ನಾಳೆ ಯಾವ ಕಂಪನಿ ಹತ್ತಿಸ್ಕೊತೈತಿ ನಿನ್ನ? ಹದಿನೆಂಟ ವರ್ಷದ ದುಡಿಮಿ! ಚೀಫ್‌ಗ ಏನೂ ಆಗೂದಿಲ್ಲ, ನೀ ಸಾಯ್ತಿ. ನಿನ್ನ ಕರ್ಕೊಂಡ ಬಂದಾಂವ ನಾನು, ಸಾತವ್ವಗ ಏನ ಹೇಳ್ಲಿ?"

ಬೀರಣ್ಣ ಚಹಾದ ಲೋಟ ಮೇಜಿನ ಮೇಲೆ ಇಟ್ಟ. ಹೆದರಿಕೆ ಇತ್ತು, ಬೆಟ್ಟದಷ್ಟು. ಹಡಗು ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕುರಿಗಳನ್ನು ಮಾರಿ ಆರು ವರ್ಷ ಆಗಿತ್ತು. ಆದರೆ ಹತ್ತು ತಾಸು ಮಲಗಿ ಎದ್ದ ತಲೆ ಎಷ್ಟೋ ವಾರಗಳಿಂದ ಇಲ್ಲದಷ್ಟು ಚೊಕ್ಕ ಇತ್ತು. ಆ ಚೊಕ್ಕ ತಲೆಯೊಳಗೆ ಕೆಟಲಿ ಬೀಳುವುದೊಂದೇ ಕಾಣುತ್ತಿತ್ತು.

ಕ್ಯಾಪ್ಟನ್ನರ ಆಫೀಸಿನಲ್ಲಿ ಮೇಜಿನ ಮೇಲೆ ಹಾಳೆಗಳು ಹರಡಿದ್ದವು. ಚೀಫ್ ಸಾಹೇಬ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಸೆಕೆಂಡ್ ಸಾಹೇಬ ತಲೆ ತಗ್ಗಿಸಿ ಕುಳಿತಿದ್ದ, ಅವನ ಹೇಳಿಕೆ ಮುಗಿದಿತ್ತು. ಬಾಗಿಲ ಹತ್ತಿರ ಜುಲ್ಫಿಕರ ನಿಂತ. ಕ್ಯಾಪ್ಟನ್ ಸಾಹೇಬರು ಬೀರಣ್ಣನಿಗೆ ಕುರ್ಚಿ ತೋರಿಸಿದರು.

"ನಿನ್ನೆ ಎಷ್ಟು ತಾಸು ವಿಶ್ರಾಂತಿ ಸಿಕ್ಕಿತು?"

ಚೀಫ್ ಮಧ್ಯೆ ಬಾಯಿ ಹಾಕಿದ. "ಹಾಳೆಯಲ್ಲಿ ಇದೆಯಲ್ಲ ಸರ್. ಹನ್ನೆರಡು. ಅವನದೇ ಸಹಿ."

"ನಾನು ಅವನನ್ನು ಕೇಳಿದೆ."

ಬೀರಣ್ಣ ಹಾಳೆಯ ಕಡೆ ನೋಡಿದ. ಅವನದೇ ಸಹಿ, ದೊಡ್ಡದಾಗಿ, ಜಂಬದಿಂದ ಬಾಲ ಎಳೆದ ಸಹಿ.

"ಸಹಿ ನಂದೇ, ಸಾಹೇಬ. ಹಾಳೆ ಸುಳ್ಳು. ಮೊನ್ನೆ ಆರು ತಾಸು, ಅದೂ ನಾಲ್ಕು ಚೂರು. ನಿನ್ನೆ ಅಷ್ಟೂ ಇಲ್ಲ. ನಾನು ಪಾಳಿಯಲ್ಲಿ ನಿದ್ದೆ ಹೋದೆ. ದೋಣಿಗೆ ದೀಪ ಇತ್ತು. ಅವರದು ತಪ್ಪಿಲ್ಲ."

ಚೀಫ್ ಮುಖ ಕೆಂಪಾಗಿ, "ಈಗ ಸಿಕ್ಕಿಬಿದ್ದ ಮೇಲೆ ಕತೆ ಕಟ್ಟುತ್ತಿದ್ದಾನೆ. ಇದಕ್ಕೆ ಪುರಾವೆ ಏನು?" ಎಂದ.

ಆಗ ಬಾಗಿಲ ಹತ್ತಿರ ಜುಲ್ಫಿಕರ ಕೆಮ್ಮಿದ. ಕೆಲಸಕ್ಕೆ ತೊಡುವ ಬಾಯ್ಲರ್ ಸೂಟಿನ ಜೇಬಿಗೆ ಕೈ ಹಾಕಿ ಎಣ್ಣೆಯ ಕಲೆ ಹತ್ತಿದ ಒಂದು ಸಣ್ಣ ಡೈರಿ ತೆಗೆದ. ಯಾವ ಹಗ್ಗಕ್ಕೆ ಯಾರು, ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಬಿಟ್ಟೆ, ಯಾರು ಯಾವ ಡೆಕ್ಕು ತೊಳೆದರು ಎಂದು ಬೋಸನ್ ತನ್ನ ನೆನಪಿಗೆ ಬರೆದುಕೊಳ್ಳುವ ಡೈರಿ ಅದು. ಮೇಜಿನ ಮೇಲೆ ಇಟ್ಟ. ಕ್ಯಾಪ್ಟನ್ನರಿಗೆ ಹಿಂದಿಯಲ್ಲಿ, "ಇದರಲ್ಲಿ ಎಲ್ಲಾ ಇದೆ ಸಾಹೇಬ. ಕೆಲಸ ಹಚ್ಚಿದವನು ನಾನೇ" ಎಂದ. ಬೀರಣ್ಣನ ಕಡೆ ತಿರುಗಿ ಕನ್ನಡದಲ್ಲಿ, "ಹಿಂಗ ಬಾಯಿ ಮುಚ್ಕೊಂಡ ಕೂಡೂದ ಆಗ್ಲಿಲ್ಲ ನನಗ. ಹಾಳಾಗಿ ಹೋಗು" ಎಂದ.

ಕ್ಯಾಪ್ಟನ್ ಸಾಹೇಬರು ಡೈರಿ ಮತ್ತು ಹಾಳೆ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯ ಕೆಳಗಿನ ಇನ್ನೊಂದು ಸಹಿಯ ಮೇಲೆ ಬೆರಳಿಟ್ಟರು.

"ಇದು ಯಾರದು, ಬೀರಣ್ಣ?"

"ನಿಮ್ಮದು, ಸಾಹೇಬ."

"ನೋಡದೆ ಮಾಡಿದ್ದು. ನಿನ್ನ ಸಹಿ ಸುಳ್ಳಾದರೆ ಇದೂ ಸುಳ್ಳು. ಇಪ್ಪತ್ತನಾಲ್ಕು ತಾಸಿನಲ್ಲಿ ಹತ್ತು ತಾಸು ವಿಶ್ರಾಂತಿ, ಅದು ಎರಡಕ್ಕಿಂತ ಹೆಚ್ಚು ತುಂಡಾಗಬಾರದು, ಒಂದು ತುಂಡಾದರೂ ಆರು ತಾಸು ಇಡಿಯಾಗಿ ಇರಬೇಕು, ವಾರಕ್ಕೆ ಎಪ್ಪತ್ತೇಳು. ಇದು ನಿನಗೆ ಮಾಡುವ ಉಪಕಾರ ಅಲ್ಲ. ಹೀಗೆ ನಿದ್ದೆಗೆಟ್ಟವನ ಕೈ ಕುಡಿದವನ ಕೈಯಿದ್ದಂತೆ, ಅವನಿಗೆ ಚುಕ್ಕಾಣಿ ಕೊಡಬಾರದು ಅಂತ ಮಾಡಿದ ನಿಯಮ. ಬದಲಿ ಬರದೆ ಹಡಗು ಬಿಡಬಾರದಿತ್ತು ನಾನು. ಬಿಟ್ಟೆ. ನನ್ನ ಊರಿನ ದೋಣಿಯನ್ನೇ ತುಳಿಯುತ್ತಿದ್ದೆ."

ಅಲ್ಲೇ ಕುಳಿತು ಅವರು ವರದಿ ಬರೆದರು. ಕಂಪನಿಯಲ್ಲಿ ಹಡಗಿನ ಸುರಕ್ಷತೆಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ, ನೇರವಾಗಿ ಅವರಿಗೇ ಕಳಿಸಿದರು. ಸುಳ್ಳು ಹಾಳೆ, ಡೈರಿ, ತಮ್ಮ ತಪ್ಪು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಸೇರಿಸಿದರು. ಮಂಗಳೂರಿನಲ್ಲಿ ಮೂರನೆಯ ಖಲಾಸಿ ಹತ್ತದೆ ಹಡಗು ಕದಲುವುದಿಲ್ಲ ಎಂದೂ ಬರೆದರು. ಬೀರಣ್ಣ ಕೇಳಿದ, "ನನ್ನ ಗತಿ ಏನು ಸಾಹೇಬ?" ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ತಪ್ಪು ಮಾಡಿದೆ, ಅದು ವರದಿಯಲ್ಲಿದೆ. ಕೇಳಿದ ಕೂಡಲೇ ನಿಜ ಹೇಳಿದೆ, ಅದೂ ವರದಿಯಲ್ಲಿದೆ. ನನ್ನ ಹಡಗಿನಿಂದ ನಿನ್ನನ್ನು ಇಳಿಸುವವನು ನಾನು, ನಾನು ಇಳಿಸುವುದಿಲ್ಲ. ಇವತ್ತಿನಿಂದ ನಿನ್ನ ಹಾಳೆ ನೀನೇ ತುಂಬು."

ಬೀರಣ್ಣ ಎದ್ದು ಅವರ ಕಾಲಿಗೆ ಬಾಗಹೋದ. "ಏ, ಅದೆಲ್ಲಾ ಬೇಡ" ಎಂದು ಗದರಿದರು.

ಅಷ್ಟರಲ್ಲಿ ಹೊರಗೆ ಗಲಾಟೆ ಕೇಳಿತು. ಫಿರೋಜ ಓಡಿಬಂದ. "ಜುಲ್ಫಿಕರಣ್ಣಾ, ಕೆಳಗ ಒಂದ ದೋಣಿ ಬಂದೈತಿ. ಐದ ಮಂದಿ. ಬೈಯಾಕತ್ತಾರ. ಕೆಟ್ಟ ಕೆಟ್ಟ ಬೈಯಾಕತ್ತಾರ!"

ಅದೇ ದೋಣಿ. ಮುಂಜಾನೆ ಹಡಗಿನ ಹೆಸರು ಓದಿಕೊಂಡಿದ್ದರು. ಮೀನು ಇಳಿಸಿ, ಸಂಜೆ ಮತ್ತೆ ಹೊರಡುವಾಗ ತಮ್ಮ ಬಂದರಿನ ಮುಂದೆಯೇ ಅದು ಲಂಗರು ಹಾಕಿದ್ದನ್ನು ಕಂಡು ನೇರವಾಗಿ ಬಂದಿದ್ದರು. ದೋಣಿಯ ಯಜಮಾನ, ತಾಂಡೇಲ ಅನ್ನುತ್ತಾರೆ ಅವನಿಗೆ, ಬಿಳಿ ಮೀಸೆಯ ಮುದುಕ. ಸೊಂಟಕ್ಕೆ ಕೈ ಇಟ್ಟು ಮೇಲೆ ನೋಡಿ ಕೂಗುತ್ತಿದ್ದ.

"ಯಾವನಲೇ ಅವನು? ಯಾವನು ಮಲಗಿದ್ದ? ಹೊರಗೆ ಬಾ, ಮುಖ ನೋಡೋಣ!"

ಕ್ಯಾಪ್ಟನ್ ಸಾಹೇಬರು ಹೆಜ್ಜೆ ಮುಂದಿಟ್ಟರು. ಬೀರಣ್ಣ ಅವರಿಗಿಂತ ಮೊದಲು ಕಟಾಂಜನಕ್ಕೆ ಹೋಗಿ ಬಗ್ಗಿದ. ಸಾಹೇಬರ ಮುಂದೆ ಹೇಳುವುದು ಒಂದು, ಇವರ ಮುಂದೆ ಹೇಳುವುದು ಬೇರೆ.

"ನಾನೇ, ಕಾಕಾ. ನಾನೇ ಮಲಗಿದ್ದೆ."

ತಾಂಡೇಲನಿಗೆ ಇದು ಅನಿರೀಕ್ಷಿತ. ಹಡಗಿನವರು ಯಾವತ್ತೂ ಒಪ್ಪುವುದಿಲ್ಲ. ದೀಪ ಇರಲಿಲ್ಲ ಎನ್ನುತ್ತಾರೆ, ದೋಣಿ ಅಡ್ಡ ಬಂತು ಎನ್ನುತ್ತಾರೆ, ಇಲ್ಲವೇ ಹೊರಗೇ ಬರುವುದಿಲ್ಲ. ಒಂದು ಕ್ಷಣ ಬಾಯಿ ತೆರೆದೇ ನಿಂತ. ಆಮೇಲೆ ಶುರು ಮಾಡಿದ ನೋಡಿ! ಅವನ ಹುಟ್ಟು, ಅವನ ಕಣ್ಣು, ಅವನ ಹಡಗು, ಹಡಗು ಕಟ್ಟಿದವನು, ಯಾರನ್ನೂ ಬಿಡಲಿಲ್ಲ. ಚಹಾ ಸೋಸುತ್ತಿದ್ದವನು ಸೊಟ್ಟಗಾದ ಕೆಟಲಿ ಎತ್ತಿ ತೋರಿಸಿ, "ನನ್ನ ತೊಡೆ ಸುಟ್ಟಿತು ಕಣೋ, ಚಹಾ ನಿಮ್ಮಪ್ಪ ಕೊಡುತ್ತಾನೇನು?" ಎಂದು ಕೂಗಿದ. ಬೀರಣ್ಣ ಒಂದೊಂದಕ್ಕೂ ತಲೆ ಆಡಿಸಿದ. ಹೌದು ಕಾಕಾ. ಖರೆ ಕಾಕಾ. ತಪ್ಪಾಯಿತು ಕಾಕಾ.

ಬೈದು ಬೈದು ತಾಂಡೇಲನಿಗೇ ದಣಿವಾಯಿತು. ಹಗ್ಗದ ಸುರುಳಿಯ ಮೇಲೆ ಕುಳಿತ. "ಯಾಕೋ ಮಲಗಿದೆ? ಕುಡಿದಿದ್ದೆಯಾ?"

"ಇಲ್ಲ ಕಾಕಾ. ಎರಡು ವಾರದಿಂದ ಸರಿಯಾಗಿ ಮಲಗಿರಲಿಲ್ಲ. ಹೇಳಲಿಕ್ಕೆ ನಾಚಿಕೆಯಾಗಿತ್ತು."

"ಹೇಳಲಿಕ್ಕೆ ನಾಚಿಕೆ! ನಮ್ಮನ್ನು ಕೊಲ್ಲಲಿಕ್ಕೆ ನಾಚಿಕೆ ಇರಲಿಲ್ಲ?" ಮುದುಕ ಉಗುಳಿದ. "ನಾನು ನನ್ನ ದೋಣಿಯಲ್ಲಿ ಇಬ್ಬರನ್ನು ಮಲಗಿಸಿಯೇ ಮೂವರನ್ನು ಎಬ್ಬಿಸುತ್ತೇನೆ. ಇಷ್ಟು ಸಣ್ಣ ದೋಣಿಗೆ ಗೊತ್ತಿರುವುದು ಅಷ್ಟು ದೊಡ್ಡ ಹಡಗಿಗೆ ಗೊತ್ತಿಲ್ಲವೇ?"

ಇದಕ್ಕೆ ಕ್ಯಾಪ್ಟನ್ ಸಾಹೇಬರೇ ಮುಂದೆ ಬಂದು, "ಗೊತ್ತಿತ್ತು ತಾಂಡೇಲ. ಮರೆತಿದ್ದೆವು" ಎಂದರು. ತಮ್ಮ ಊರಿನ ಹೆಸರು, ತಂದೆಯ ಹೆಸರು ಹೇಳಿದರು. ಮುದುಕನ ಮೀಸೆ ಸ್ವಲ್ಪ ಸಡಿಲಾಯಿತು. ಅಡುಗೆಯವನು ಹಗ್ಗಕ್ಕೆ ಕಟ್ಟಿ ಒಂದು ಹೊಸ ಕೆಟಲಿ, ಸಕ್ಕರೆ, ಚಹಾಪುಡಿ ಇಳಿಸಿದ. ಕೆಟಲಿಯವನು ಅದನ್ನು ತಿರುಗಿಸಿ ನೋಡಿ, "ಹಳೆಯದು ಇದಕ್ಕಿಂತ ಚೆನ್ನಾಗಿತ್ತು" ಎಂದ. ಎಲ್ಲರೂ ನಕ್ಕರು. ದೋಣಿ ಹೊರಟಿತು. ಹೋಗುವಾಗಲೂ ತಾಂಡೇಲ ಹಿಂದಕ್ಕೆ ತಿರುಗಿ ಎರಡು ಮಾತು ಬೈದ.

ಬೀರಣ್ಣ ಅಲ್ಲೇ ನಿಂತು ಎಣಿಸಿದ. ಚುಕ್ಕಾಣಿಯಲ್ಲಿ ಒಬ್ಬ, ಬಲೆಯ ಹತ್ತಿರ ಇಬ್ಬರು, ಕೆಟಲಿಯವನು, ಮುದುಕ. ಐದು. ಮತ್ತೆ ಎಣಿಸಿದ. ಐದೇ. ಬೈಯಲಿಕ್ಕೆ ಐವರೂ ಉಳಿದಿದ್ದರಲ್ಲ ಎಂಬ ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆ ಯಂತ್ರದ ಕಿರುಚಾಟವನ್ನು, ಬರಿಗಾಲಲ್ಲಿ ಓಡಿಬಂದವರನ್ನು, ಡೈರಿ ಮೇಜಿನ ಮೇಲೆ ಇಟ್ಟ ಕೈಯನ್ನು ನೆನೆದು ನೆನೆದು ಅತ್ತ. ಪಕ್ಕದಲ್ಲಿ ಜುಲ್ಫಿಕರ ಬಂದು ನಿಂತ.

"ಅಳಬ್ಯಾಡಲೇ, ಮಂದಿ ನೋಡ್ತಾರ."

"ನೋಡ್ಲಿ ಬಿಡಣ್ಣಾ."

ಆಮೇಲೆ ಸುವರ್ಣಾಗೆ ಫೋನ್ ಮಾಡಿ ನಡೆದದ್ದೆಲ್ಲಾ ಹೇಳಿದ. "ಆ ಸಾಹೇಬ್ರ ಹೊಟ್ಟಿ ತಣ್ಣಗಿರ್ಲಿ" ಎಂದಳು ಅವಳು. "ಈಗ ಫೋನ್ ಇಡ್ರಿ. ನಿಮ್ಮ ಪಾಳಿ ಎಷ್ಟೊತ್ತಿಗಿ ಐತಿ?"

"ಹನ್ನೆರಡಕ್ಕ."

"ಈಗ ಏಳಾಗೇತಿ. ಇನ್ನ ಐದ ತಾಸ ಐತಿ. ನನ್ನ ಜೋಡಿ ಹರಟಿ ಹೊಡ್ಯಾಕ ಒಂದ ನಿಮಿಷಾನೂ ಇಲ್ಲ. ಮಕ್ಕೋರಿ."

ಬೀರಣ್ಣ ಕೋಣೆಗೆ ಹೋದ. ಮೇಜಿನ ಮೇಲೆ ಹೊಸ ಹಾಳೆ ಇತ್ತು, ಖಾಲಿ. ಪೆನ್ನು ತೆಗೆದು ಮುಂಜಾನೆ ಆರರಿಂದ ಸಂಜೆ ನಾಲ್ಕರವರೆಗಿನ ಹತ್ತು ಮನೆಗಳನ್ನು ವಿಶ್ರಾಂತಿ ಎಂದು ತುಂಬಿದ. ಅವನ ಸಮುದ್ರದ ಬಾಳಿನಲ್ಲಿ ಅವನೇ ತುಂಬಿದ ಮೊದಲ ನಿಜವಾದ ದಿನ ಅದು. ಐದೂವರೆಯ ವಿಚಾರಣೆಯನ್ನು ಕೆಲಸ ಎಂದು ಬರೆದ. ದೋಣಿಯವರ ಬೈಗುಳ ತಿಂದ ಅರ್ಧ ತಾಸನ್ನು ಏನೆಂದು ಬರೆಯಬೇಕೋ ತಿಳಿಯದೆ ಸ್ವಲ್ಪ ಯೋಚಿಸಿ, ಅದನ್ನೂ ಕೆಲಸ ಎಂದೇ ಬರೆದ. ದೀಪ ಆರಿಸಿ ಮಲಗಿದ.